ಲೈನ್ 300, ಅಮೆರಿಕಕ್ಕೆ ಹೋಗುವುದು ಬರೀ 2: ತಡೆ ಎಲ್ಲಿದೆ?

ಪ್ರಶ್ನೆ: ಸರ್, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು ಸಣ್ಣ ವಿಡಿಯೋ ಎಡಿಟಿಂಗ್ ಆಫೀಸು. ಫೈಬರ್ ಲೈನ್ ಇದೆ, ಅಪ್‌ಲೋಡ್ ಡೌನ್‌ಲೋಡ್ ಎರಡೂ 300 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ 300 ತೋರಿಸುತ್ತದೆ. ಆದರೆ ಅಮೆರಿಕದ ವರ್ಜೀನಿಯಾದಲ್ಲಿರುವ ಗಿರಾಕಿಯ ಸರ್ವರ್‌ಗೆ 40 ಜಿಬಿ ಫೈಲ್ ಒಂದನ್ನು ಉಬುಂಟು ಮಷೀನಿಂದ ಎಸ್‌ಎಫ್‌ಟಿಪಿಯಲ್ಲಿ ಕಳಿಸಿದರೆ ಸೆಕೆಂಡಿಗೆ 260 ಕೆಬಿ ಮೇಲೆ ಹೋಗುವುದೇ ಇಲ್ಲ. ಅದೇ ಫೈಲ್ ಬೆಂಗಳೂರಿನ ಸರ್ವರ್‌ಗೆ ಸೆಕೆಂಡಿಗೆ 5.4 ಎಂಬಿಯಲ್ಲಿ ಹೋಗುತ್ತದೆ. ping ಮಾಡಿದರೆ ಬೆಂಗಳೂರು 12 ಮಿಲಿಸೆಕೆಂಡ್, ವರ್ಜೀನಿಯಾ 250. ಇಂಟರ್ನೆಟ್‌ನವರು ಲೈನ್ ಸರಿ ಇದೆ ಅಂತಾರೆ. 1000 ಎಂಬಿಪಿಎಸ್ ಪ್ಲಾನ್‌ಗೆ ಹೋಗಬೇಕಾ?

ಉತ್ತರ: ಬೇಡ. ಆ ದುಡ್ಡು ಕೊಟ್ಟರೆ ಈ ಫೈಲ್ ಒಂದು ನಿಮಿಷವೂ ಬೇಗ ಹೋಗುವುದಿಲ್ಲ. ನಿಮ್ಮ ಇಂಟರ್ನೆಟ್‌ನವರು ಹೇಳಿದ್ದೂ ನಿಜ, ಲೈನ್‌ನಲ್ಲಿ ತೊಂದರೆ ಇಲ್ಲ. ತೊಂದರೆ ಎಲ್ಲಿದೆ ಅನ್ನುವುದಕ್ಕೆ ಬಹಳ ಒಳ್ಳೆಯ ಸುಳಿವನ್ನು ನೀವೇ ಕೊಟ್ಟಿದ್ದೀರಿ. ವೇಗದ ಜೊತೆಗೆ ping ಸಮಯವನ್ನೂ ಬರೆದಿದ್ದೀರಿ. ಈಗ ಎರಡನ್ನೂ ಗುಣಿಸಿ ನೋಡೋಣ.

ವರ್ಜೀನಿಯಾಕ್ಕೆ ಸೆಕೆಂಡಿಗೆ 260 ಕೆಬಿ, ಹೋಗಿ ಬರುವ ಸಮಯ 0.25 ಸೆಕೆಂಡ್. ಗುಣಿಸಿದರೆ 65 ಕೆಬಿ. ಬೆಂಗಳೂರಿಗೆ ಸೆಕೆಂಡಿಗೆ 5,400 ಕೆಬಿ, ಸಮಯ 0.012 ಸೆಕೆಂಡ್. ಗುಣಿಸಿದರೆ ಸುಮಾರು 65 ಕೆಬಿ. ಎರಡು ಬೇರೆ ಬೇರೆ ಸರ್ವರ್, ವೇಗದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ, ಆದರೆ ಗುಣಲಬ್ಧ ಒಂದೇ. ಇದು ಸುಮ್ನೆ ಕೂಡಿಬಂದದ್ದಲ್ಲ. ಫೈಲನ್ನು ಸಾಗಿಸುವ ಟಿಸಿಪಿ ಎಂಬ ನಿಯಮಾವಳಿಯಲ್ಲಿ, ಉತ್ತರ ಬರುವ ತನಕ ದಾರಿಯಲ್ಲಿ ಇರಬಹುದಾದ ಡೇಟಾಕ್ಕೆ ಹಳೆಯ ಮಿತಿ 65,535 ಬೈಟ್. ನಿಮ್ಮ ಎರಡೂ ಕನೆಕ್ಷನ್‌ಗಳು ಅದಕ್ಕೇ ಬಂದು ತಗುಲಿ ನಿಂತಿವೆ.

ಇದರಿಂದ ಇನ್ನೊಂದು ವಿಷಯವೂ ಹೊರಬೀಳುತ್ತದೆ. ಬೆಂಗಳೂರಿನ ವೇಗ ಚೆನ್ನಾಗಿದೆ ಅಂತ ನೀವು ಅಂದುಕೊಂಡಿದ್ದೀರಿ. ಅದೂ ಚೆನ್ನಾಗಿಲ್ಲ. 300 ಎಂಬಿಪಿಎಸ್ ಲೈನ್ ಪೂರ್ತಿ ತುಂಬಿದರೆ ಸೆಕೆಂಡಿಗೆ 37 ಎಂಬಿ ಹೋಗಬೇಕು. 5.4 ಎಂಬಿ ಅಂದರೆ 43 ಎಂಬಿಪಿಎಸ್ ಮಾತ್ರ. ದೂರ ಕಡಿಮೆ ಇರುವುದರಿಂದ ನಿಮಗೆ ಅದು ಗೊತ್ತಾಗಲಿಲ್ಲ, ಅಷ್ಟೆ.

ಕಳಿಸುವವನು ಯಾಕೆ ಕಾಯುತ್ತಾನೆ

ಟಿಸಿಪಿ ಕಳಿಸಿದ ಪ್ರತಿಯೊಂದು ಬೈಟಿಗೂ ಲೆಕ್ಕ ಇಡುತ್ತದೆ. ಆ ಕಡೆಯಿಂದ "ಇಲ್ಲಿವರೆಗೆ ಮುಟ್ಟಿತು" ಎಂಬ ಉತ್ತರ ಬರುವ ತನಕ ಕಳಿಸಿದ್ದನ್ನು ತನ್ನ ಹತ್ತಿರವೂ ಇಟ್ಟುಕೊಂಡಿರುತ್ತದೆ. ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸಬೇಕಲ್ಲ. ಪಡೆಯುವ ಮಷೀನ್ ತನ್ನ ಪ್ರತಿ ಉತ್ತರದಲ್ಲೂ ಇನ್ನೊಂದು ಸಂಖ್ಯೆ ಬರೆದು ಕಳಿಸುತ್ತದೆ: "ನನ್ನ ಹತ್ತಿರ ಸದ್ಯ ಇಷ್ಟು ಬೈಟಿಗೆ ಜಾಗ ಇದೆ." ಇದೇ ವಿಂಡೋ. ಉತ್ತರ ಬಾರದೆ ದಾರಿಯಲ್ಲಿರುವ ಬೈಟುಗಳು ಈ ಸಂಖ್ಯೆಯನ್ನು ಎಂದೂ ಮೀರುವಂತಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ದೂರದ ಊರಿನ ಖರೀದಿದಾರರಿಗೆ ಚೀಲ ಕಳಿಸುತ್ತಿದ್ದಾರೆ ಅಂದುಕೊಳ್ಳಿ. "ಮುಟ್ಟಿದ ಚೀಟಿ ಬರುವ ತನಕ 64 ಚೀಲಕ್ಕಿಂತ ಹೆಚ್ಚು ದಾರಿಯಲ್ಲಿ ಇರಬಾರದು" ಅಂತ ಒಪ್ಪಂದ. ಖರೀದಿದಾರರು ಹಾವೇರಿಯಲ್ಲಿದ್ದರೆ ಚೀಟಿ ಅದೇ ದಿನ ವಾಪಸ್ ಬರುತ್ತದೆ, ದಿನವೂ 64 ಚೀಲ ಹೋಗುತ್ತವೆ. ದೆಹಲಿಯಲ್ಲಿದ್ದರೆ ಚೀಟಿ ಬರಲು ಒಂದು ವಾರ, ವಾರಕ್ಕೆ 64 ಚೀಲ. ನಡುವಿನ ರಸ್ತೆಯನ್ನು ಆರು ಲೇನ್ ಮಾಡಿದರೂ ಆ ಲೆಕ್ಕ ಬದಲಾಗುವುದಿಲ್ಲ.

ನಿಮ್ಮ ಫೈಲಿನ ವಿಷಯದಲ್ಲಿ ಆಗುತ್ತಿರುವುದು ಹೀಗೆ. ನಿಮ್ಮ ಮಷೀನ್ 65,535 ಬೈಟ್ ಕಳಿಸುತ್ತದೆ. 300 ಎಂಬಿಪಿಎಸ್ ಲೈನ್‌ನಲ್ಲಿ ಅಷ್ಟನ್ನು ಹೊರಗೆ ಹಾಕಲು ಎರಡು ಮಿಲಿಸೆಕೆಂಡ್ ಸಾಕು. ಆಮೇಲೆ ಉಳಿದ 248 ಮಿಲಿಸೆಕೆಂಡ್ ಕೈಕಟ್ಟಿ ಕೂರುತ್ತದೆ. ಉತ್ತರ ಬಂದ ಮೇಲೆ ಮುಂದಿನ ಕಂತು. ಸೆಕೆಂಡಿಗೆ ನಾಲ್ಕೇ ಕಂತು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಸಮಯ ನಿಮ್ಮ ಲೈನ್ ಖಾಲಿ ಬಿದ್ದಿರುತ್ತದೆ. ಹೀಗೆ ಹೋದರೆ 40 ಜಿಬಿಗೆ ಸುಮಾರು 42 ಗಂಟೆ ಬೇಕು. ಲೈನ್ ತುಂಬಿ ಹರಿದರೆ ಅದೇ ಕೆಲಸ 18 ನಿಮಿಷದ್ದು.

ಆ 250 ಮಿಲಿಸೆಕೆಂಡನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲೂ ಇಲ್ಲ, ನಿಮ್ಮ ಇಂಟರ್ನೆಟ್ ಕಂಪನಿಯ ಕೈಯಲ್ಲೂ ಇಲ್ಲ. ಹುಬ್ಬಳ್ಳಿಯಿಂದ ವರ್ಜೀನಿಯಾಕ್ಕೆ ನೇರ ಗೆರೆ ಎಳೆದರೂ 13,000 ಕಿಲೋಮೀಟರ್ ಮೇಲಾಗುತ್ತದೆ. ಫೈಬರ್ ಒಳಗಿನ ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕೇ ಬೇಕು. ನಿಜವಾದ ಕೇಬಲ್ ಸಮುದ್ರದಡಿ ಸುತ್ತುಬಳಸಿ ಹೋಗುತ್ತದೆ, ನಡುವೆ ರೂಟರ್‌ಗಳಿವೆ. ಹಾಗಾಗಿ 250 ಸಹಜವಾದ ಅಂಕಿಯೇ. ಸಮಯ ಕಡಿಮೆ ಮಾಡಲು ಆಗದಿದ್ದರೆ ಉಳಿಯುವುದು ಒಂದೇ ದಾರಿ, ವಿಂಡೋ ದೊಡ್ಡದು ಮಾಡುವುದು.

ಎಷ್ಟು ದೊಡ್ಡದು? ಲೈನ್ ವೇಗವನ್ನು ಹೋಗಿ ಬರುವ ಸಮಯದಿಂದ ಗುಣಿಸಬೇಕು. 300 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 37.5 ಎಂಬಿ. 0.25ರಿಂದ ಗುಣಿಸಿದರೆ ಸುಮಾರು 9.4 ಎಂಬಿ. ಯಾವ ಹೊತ್ತಿನಲ್ಲಿ ನೋಡಿದರೂ ಅಷ್ಟು ಬೈಟು ದಾರಿಯಲ್ಲಿ ತೇಲುತ್ತಿದ್ದರೆ ಮಾತ್ರ ಲೈನ್ ತುಂಬುತ್ತದೆ. ನಿಮಗೆ ಸಿಗುತ್ತಿರುವುದು ಅದರ 143ರಲ್ಲಿ ಒಂದು ಪಾಲು.

ಸ್ಪೀಡ್ ಟೆಸ್ಟ್ 300 ತೋರಿಸುವುದಕ್ಕೂ ಕಾರಣ ಇಲ್ಲೇ ಇದೆ. ಅದು ಹತ್ತಿರದ ಸರ್ವರ್ ಹುಡುಕಿಕೊಳ್ಳುತ್ತದೆ, ಒಟ್ಟಿಗೆ ಹಲವು ಕನೆಕ್ಷನ್ ತೆರೆಯುತ್ತದೆ. ಪ್ರತಿ ಕನೆಕ್ಷನ್‌ಗೂ ತನ್ನದೇ ವಿಂಡೋ ಇರುತ್ತದೆ, ಸಮಯವೂ ಕಡಿಮೆ. ಅದು ಲೈನನ್ನು ಅಳೆಯುತ್ತದೆ. ದೂರದ ಊರಿಗೆ ಒಂದೇ ಕನೆಕ್ಷನ್ ಹೇಗೆ ಓಡುತ್ತದೆ ಅನ್ನುವುದನ್ನು ಅದು ಅಳೆಯುವುದೇ ಇಲ್ಲ.

65,535 ಎಲ್ಲಿಂದ ಬಂತು, ಸ್ಕೇಲಿಂಗ್ ಏನು ಮಾಡುತ್ತದೆ

ಟಿಸಿಪಿಯ ನಿಯಮಗಳು 1981ರಲ್ಲಿ ಆರ್‌ಎಫ್‌ಸಿ 793 ಎಂಬ ದಾಖಲೆಯಲ್ಲಿ ಬಂದವು. ಅದರಲ್ಲಿ ವಿಂಡೋ ಬರೆಯಲು ಪ್ಯಾಕೆಟ್‌ನ ತಲೆಬರಹದಲ್ಲಿ 16 ಬಿಟ್ ಜಾಗ ಬಿಟ್ಟರು. 16 ಬಿಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65,535. ಆ ಕಾಲಕ್ಕೆ ಅದು ಧಾರಾಳವಾಗಿತ್ತು. ಇಂಟರ್ನೆಟ್ಟಿನ ಹಿಂದಿನ ರೂಪವಾದ ಅರ್ಪಾನೆಟ್‌ನ ಲೈನುಗಳು ಸೆಕೆಂಡಿಗೆ 56 ಕಿಲೋಬಿಟ್‌ನವು. ಅಂಥ ಲೈನ್‌ಗೆ 64 ಕೆಬಿ ಅಂದರೆ ಒಂಬತ್ತು ಸೆಕೆಂಡಿನ ಸರಕು.

ಲೈನುಗಳು ವೇಗವಾದ ಮೇಲೆ ಈ ಜಾಗ ಸಾಲದಾಯಿತು. ಆದರೆ ತಲೆಬರಹದ ಅಳತೆ ಬದಲಿಸಿದರೆ ಹಳೆಯ ಮಷೀನುಗಳಿಗೆ ಹೊಸ ಪ್ಯಾಕೆಟ್ ಅರ್ಥವೇ ಆಗುವುದಿಲ್ಲ. 1992ರಲ್ಲಿ ವ್ಯಾನ್ ಜೇಕಬ್ಸನ್, ಬಾಬ್ ಬ್ರೇಡನ್ ಮತ್ತು ಡೇವ್ ಬೋರ್ಮನ್ ಬರೆದ ಆರ್‌ಎಫ್‌ಸಿ 1323 ಒಂದು ಜಾಣ ದಾರಿ ಕೊಟ್ಟಿತು. 16 ಬಿಟ್ ಹಾಗೇ ಇರಲಿ. ಕನೆಕ್ಷನ್ ಶುರುವಾಗುವಾಗ ಮಾತ್ರ ಎರಡೂ ಕಡೆಯವರು ಒಂದೊಂದು ಸಣ್ಣ ಸಂಖ್ಯೆ ಹೇಳಿಕೊಳ್ಳಲಿ. ಇದೇ ವಿಂಡೋ ಸ್ಕೇಲಿಂಗ್, ಆ ಸಂಖ್ಯೆಯ ಹೆಸರು ಸ್ಕೇಲ್. ಆ ಸಂಖ್ಯೆ 7 ಆದರೆ ಮುಂದೆ ಬರುವ ಪ್ರತಿ ವಿಂಡೋವನ್ನು 2ರ 7ನೇ ಘಾತದಿಂದ, ಅಂದರೆ 128ರಿಂದ ಗುಣಿಸಿ ಓದಬೇಕು. 8 ಆದರೆ 256ರಿಂದ. ಹೆಚ್ಚೆಂದರೆ 14, ಆಗ ವಿಂಡೋ ಸುಮಾರು 1 ಜಿಬಿ. 2014ರಲ್ಲಿ ಈ ದಾಖಲೆಯನ್ನು ತಿದ್ದಿ ಆರ್‌ಎಫ್‌ಸಿ 7323 ಮಾಡಿದರು. ಮೂಲ ಉಪಾಯ ಇವತ್ತಿಗೂ ಅದೇ.

ನಿಮ್ಮ ಲೆಕ್ಕಕ್ಕೆ ಹಾಕಿ ನೋಡಿ. 9.4 ಎಂಬಿ ಬೇಕು. ಸ್ಕೇಲ್ 7 ಆದರೆ ಹೆಚ್ಚೆಂದರೆ 8.4 ಎಂಬಿ, ಸ್ವಲ್ಪ ಸಾಲದು. ಸ್ಕೇಲ್ 8 ಇದ್ದು ಪ್ಯಾಕೆಟ್‌ನಲ್ಲಿ 36,864 ಅಂತ ಬರೆದಿದ್ದರೆ, 256ರಿಂದ ಗುಣಿಸಿದಾಗ 94,37,184 ಬೈಟ್. ಬೇಕಾದಷ್ಟು ಆಯಿತು.

ಇಲ್ಲಿ ಒಂದು ಷರತ್ತು ಇದೆ. ನಿಮ್ಮ ತೊಂದರೆಯ ಬೇರು ಇದೇ ಷರತ್ತಿನಲ್ಲಿ ಇರುವಂತೆ ಕಾಣುತ್ತದೆ. ಈ ಸಂಖ್ಯೆಯನ್ನು ಹೇಳುವುದು ಕನೆಕ್ಷನ್‌ನ ಮೊದಲ ಎರಡು ಪ್ಯಾಕೆಟ್‌ಗಳಲ್ಲಿ ಮಾತ್ರ. ಮೊದಲು ನಿಮ್ಮ ಮಷೀನ್ ಕನೆಕ್ಷನ್ ಕೇಳುವ ಸಿನ್ ಪ್ಯಾಕೆಟ್‌ನಲ್ಲಿ ತನ್ನ ಸ್ಕೇಲ್ ಹೇಳಬೇಕು. ಅದು ಕಂಡರೆ ಮಾತ್ರ ಸರ್ವರ್ ತನ್ನ ಉತ್ತರದಲ್ಲಿ ತನ್ನ ಸ್ಕೇಲ್ ಹೇಳುತ್ತದೆ. ಎರಡರಲ್ಲಿ ಒಂದರಲ್ಲಿ ಇಲ್ಲದಿದ್ದರೂ ಸ್ಕೇಲಿಂಗ್ ಇಲ್ಲವೇ ಇಲ್ಲ. ನಡುವೆ ನೆನಪಾಯಿತು ಅಂತ ಸೇರಿಸಲು ಬರುವುದಿಲ್ಲ. ಆ ಕನೆಕ್ಷನ್ ಮುಗಿಯುವ ತನಕ, 42 ಗಂಟೆಯಾದರೂ, 65,535ರೊಳಗೇ ಓಡಬೇಕು. ದೋಷದ ಸಂದೇಶ ಎಲ್ಲೂ ಬರುವುದಿಲ್ಲ. ಯಾಕೆಂದರೆ ಟಿಸಿಪಿಯ ದೃಷ್ಟಿಯಲ್ಲಿ ಎಲ್ಲವೂ ನಿಯಮದಂತೆಯೇ ನಡೆದಿದೆ.

ಹಾಗಾದರೆ ಯಾರು ಕಾರಣ

ಉಬುಂಟುವಿನಲ್ಲಿ ವಿಂಡೋ ಸ್ಕೇಲಿಂಗ್ ಮೊದಲಿಂದಲೇ ಆನ್ ಇರುತ್ತದೆ. ವಿಂಡೋಸ್‌ನಲ್ಲೂ ವಿಸ್ತಾದಿಂದ ಈಚೆಗೆ ಹಾಗೇ. ಬೆಂಗಳೂರು ಮತ್ತು ವರ್ಜೀನಿಯಾದ ಸರ್ವರ್‌ಗಳೆರಡರಲ್ಲೂ ಒಂದೇ ಸಲ ಯಾರೋ ಆಫ್ ಮಾಡಿಟ್ಟಿರುವುದು ನಂಬುವ ಮಾತಲ್ಲ. ಎರಡಕ್ಕೂ ಸಮಾನವಾಗಿರುವುದು ನಿಮ್ಮ ಆಫೀಸಿನ ಕಡೆ ಮಾತ್ರ. ಅಲ್ಲಿ ನನಗೆ ಇಬ್ಬರ ಮೇಲೆ ಅನುಮಾನ: ಒಂದು ನಿಮ್ಮ ಫೈರ್‌ವಾಲ್ ಅಥವಾ ರೂಟರ್, ಇನ್ನೊಂದು ಫೈಲ್ ಕಳಿಸುವ ಪ್ರೋಗ್ರಾಂ.

ಫೈರ್‌ವಾಲ್ ಮೇಲೆ ಹೆಚ್ಚು ಅನುಮಾನ ಯಾಕೆ ಅಂದರೆ, ಇಂಥದ್ದನ್ನು ಧಾರವಾಡದ ಒಂದು ಕಚೇರಿಯಲ್ಲಿ ನಾನೇ ಕಂಡಿದ್ದೇನೆ. ಅಲ್ಲಿನ ಫೈರ್‌ವಾಲ್‌ನಲ್ಲಿ ಸ್ಕೇಲ್‌ನಂಥ ಟಿಸಿಪಿ ಆಪ್ಷನ್‌ಗಳನ್ನು ಸೋಸುವ ಸೆಟ್ಟಿಂಗ್ ಒಂದಿತ್ತು. ಭದ್ರತೆ ಜಾಸ್ತಿ ಆಗಲಿ ಅಂತ ಅದನ್ನು ಹಾಕಿದವರು ಅತಿ ಬಿಗಿ ಮಟ್ಟದಲ್ಲಿಟ್ಟಿದ್ದರು. ಹೊರಗೆ ಹೋಗುವ ಪ್ರತಿ ಸಿನ್ ಪ್ಯಾಕೆಟ್‌ನಿಂದ ಸ್ಕೇಲ್ ಕಿತ್ತುಹೋಗುತ್ತಿತ್ತು. ವೆಬ್‌ಸೈಟ್ ತೆರೆಯುವುದು, ಮೇಲ್, ವಿಡಿಯೋ ಕಾಲ್ ಎಲ್ಲ ಸರಿಯಾಗಿದ್ದವು. ಹಾಗಾಗಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಹೊರದೇಶಕ್ಕೆ ದೊಡ್ಡ ಫೈಲ್ ಕಳಿಸುವಾಗ ಮಾತ್ರ ತೆವಳುತ್ತಿತ್ತು. ಆ ಒಂದು ಸೆಟ್ಟಿಂಗ್ ಬದಲಿಸಿ ಕನೆಕ್ಷನ್ ಹೊಸದಾಗಿ ತೆರೆದ ಕೂಡಲೇ ವೇಗ ಬಂತು.

ಇದಕ್ಕಿಂತ ಕೆಟ್ಟ ರೂಪವೂ ಒಂದಿದೆ. ಸ್ಕೇಲನ್ನು ಕಿತ್ತುಹಾಕದೆ, ಸಂಖ್ಯೆಯನ್ನು ಮಾತ್ರ ಸೊನ್ನೆ ಮಾಡುವುದು. 2004ರಲ್ಲಿ ಲಿನಕ್ಸ್ 2.6.8 ಬರುವ ಹೊತ್ತಿಗೆ ಇದು ದೊಡ್ಡ ಸುದ್ದಿಯಾಗಿತ್ತು. ಆಗ ಲಿನಕ್ಸ್ ಸೊನ್ನೆಯ ಬದಲು ದೊಡ್ಡ ಸ್ಕೇಲ್ ಹೇಳಲು ಶುರು ಮಾಡಿತ್ತು, ದಾರಿಯ ಕೆಲವು ರೂಟರ್‌ಗಳು ಅದನ್ನು ಸೊನ್ನೆ ಮಾಡಿ ಮುಂದೆ ಕಳಿಸುತ್ತಿದ್ದವು. ಪಡೆಯುವವನು 128ರ ಲೆಕ್ಕದಲ್ಲಿ 45 ಅಂತ ಬರೆಯುತ್ತಾನೆ, ಅಂದರೆ 5,760 ಬೈಟ್. ಕಳಿಸುವವನು ಅದನ್ನು ಬರೀ 45 ಬೈಟ್ ಅಂತ ಓದುತ್ತಾನೆ. ಅಂಥ ಕಡೆ ವೇಗ ಕಡಿಮೆ ಅನ್ನುವುದಕ್ಕಿಂತ ಸೈಟು ನಿಂತೇ ಹೋದಂತೆ ಕಾಣುತ್ತದೆ. ನಿಮ್ಮ ಗುಣಲಬ್ಧ 65 ಕೆಬಿ ಇರುವುದರಿಂದ ನಿಮ್ಮದು ಆ ರೋಗವಲ್ಲ.

ಕಣ್ಣಾರೆ ನೋಡುವುದು ಹೇಗೆ

ನನ್ನ ಊಹೆಯನ್ನು ನಂಬಿ ಫೈರ್‌ವಾಲ್ ಬಿಚ್ಚಬೇಡಿ. ಐದು ನಿಮಿಷದ ಪರೀಕ್ಷೆ ಇದೆ. ಉಬುಂಟು ಮಷೀನ್‌ನಲ್ಲಿ ಇದನ್ನು ಓಡಿಸಿ. eth0 ಜಾಗದಲ್ಲಿ ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರು, ವಿಳಾಸದ ಜಾಗದಲ್ಲಿ ಸರ್ವರ್ ವಿಳಾಸ ಹಾಕಿಕೊಳ್ಳಿ.

```
sudo tcpdump -ni eth0 'host 203.0.113.25 and tcp[tcpflags] & tcp-syn != 0'
```

ಇದು ಓಡುತ್ತಿರುವಾಗಲೇ ಇನ್ನೊಂದು ಟರ್ಮಿನಲ್‌ನಿಂದ ಎಸ್‌ಎಫ್‌ಟಿಪಿ ಹೊಸದಾಗಿ ಶುರು ಮಾಡಿ. ಎರಡು ಸಾಲು ಬರುತ್ತವೆ. ಫೈರ್‌ವಾಲ್ ತಪ್ಪಾಗಿದ್ದರೆ ಅವು ಹೆಚ್ಚುಕಡಿಮೆ ಹೀಗಿರುತ್ತವೆ:

```
192.168.1.20.51514 > 203.0.113.25.22: Flags [S], win 64240,
  options [mss 1460,sackOK,TS val 811 ecr 0,nop,wscale 7]
203.0.113.25.22 > 192.168.1.20.51514: Flags [S.], win 65535,
  options [mss 1460]
```

ಮೊದಲ ಸಾಲು ನಿಮ್ಮ ಮಷೀನ್ ಕಳಿಸಿದ್ದು. ಅದರಲ್ಲಿ wscale 7, ಅಂದರೆ ಸ್ಕೇಲ್ 7, ಇದೆ. ಎರಡನೆಯದು ಸರ್ವರ್‌ನ ಉತ್ತರ. ಅದರಲ್ಲಿ wscale ಇಲ್ಲ. ಅಂದರೆ ನಿಮ್ಮ ಮಾತು ಸರ್ವರ್‌ಗೆ ಮುಟ್ಟಿಲ್ಲ, ಅಥವಾ ಸರ್ವರ್ ಹೇಳಿದ್ದು ನಿಮಗೆ ಮುಟ್ಟಿಲ್ಲ, ಇಲ್ಲವೇ ಸರ್ವರ್‌ನಲ್ಲೇ ಅದು ಆಫ್ ಇದೆ. ಉತ್ತರದಲ್ಲಿ sackOK, TS ಎಂಬ ಬೇರೆ ಆಪ್ಷನ್‌ಗಳೂ ಮಾಯವಾಗಿದ್ದರೆ ನಡುವೆ ಯಾರೋ ಎಲ್ಲ ಆಪ್ಷನ್‌ಗಳನ್ನೂ ಒಟ್ಟಿಗೆ ಸೋಸುತ್ತಿದ್ದಾರೆ ಅನ್ನುವುದು ಹೆಚ್ಚು ಗಟ್ಟಿಯಾಗುತ್ತದೆ.

ಆಮೇಲೆ ಅದೇ ಮಷೀನನ್ನು ಫೋನ್‌ನ ಹಾಟ್‌ಸ್ಪಾಟ್‌ಗೆ ಸೇರಿಸಿ ಅದೇ ಪರೀಕ್ಷೆ ಮಾಡಿ. ಈಗ ನಿಮ್ಮ ಆಫೀಸಿನ ಫೈರ್‌ವಾಲ್ ದಾರಿಯಲ್ಲಿ ಇಲ್ಲ. ಸರ್ವರ್‌ನ ಉತ್ತರದಲ್ಲಿ wscale ಕಾಣಿಸಿಕೊಂಡರೆ ಸರ್ವರ್ ನಿರ್ದೋಷಿ, ತಪ್ಪು ಆಫೀಸಿನ ದಾರಿಯದ್ದು. ನೆಟ್‌ವರ್ಕ್ ಕಾರ್ಡಿನ ಹೆಸರು ಆಗ ಬೇರೆಯಾಗಿರುತ್ತದೆ, ಅದನ್ನು ಬದಲಿಸಲು ಮರೆಯಬೇಡಿ. ಫೈರ್‌ವಾಲ್ ನೋಡಿಕೊಳ್ಳುವವರ ಹತ್ತಿರ ಹೋಗುವಾಗ ಈ ಎರಡು ಕಡೆಯ ಸಾಲುಗಳನ್ನೂ ತೋರಿಸಿ. "ಸ್ಲೋ ಇದೆ" ಅಂದರೆ ಸ್ಪೀಡ್ ಟೆಸ್ಟ್ ಮಾಡಿ ಕಳಿಸುತ್ತಾರೆ. "ಸಿನ್ ಪ್ಯಾಕೆಟ್‌ನ wscale ಉಳಿಯುತ್ತಿಲ್ಲ" ಅಂದರೆ ಯಾವ ಸೆಟ್ಟಿಂಗ್ ನೋಡಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಫೈಲ್ ಅರ್ಧ ಹೋದ ಮೇಲೆ ವೈರ್‌ಶಾರ್ಕ್ ಅಥವಾ tcpdump ಶುರು ಮಾಡಿದರೆ ಮೊದಲ ಎರಡು ಪ್ಯಾಕೆಟ್ ಸಿಗುವುದಿಲ್ಲ. ಆಗ ಸ್ಕೇಲ್ ಎಷ್ಟು ಅಂತ ಆ ಉಪಕರಣಕ್ಕೂ ಗೊತ್ತಿರುವುದಿಲ್ಲ, ಗುಣಿಸದ ಸಣ್ಣ ಸಂಖ್ಯೆಯನ್ನೇ ತೋರಿಸುತ್ತದೆ. ಅದನ್ನು ನೋಡಿ ವಿಂಡೋ ಸಣ್ಣದಿದೆ ಅಂತ ತೀರ್ಮಾನ ಮಾಡಬೇಡಿ. ಹಾಗೇ ಸಿನ್ ಪ್ಯಾಕೆಟ್‌ನ ಒಳಗಿರುವ win ಸಂಖ್ಯೆಯನ್ನೂ ಯಾವತ್ತೂ ಗುಣಿಸುವಂತಿಲ್ಲ, ಅದು ಇದ್ದಷ್ಟೇ.

ಎರಡೂ ಸಾಲಿನಲ್ಲಿ wscale ಇದ್ದೂ ವೇಗ 260 ಕೆಬಿಯೇ ಆದರೆ? ಆಗ ಎರಡನೇ ಅನುಮಾನಕ್ಕೆ ಬರಬೇಕು. ಕೆಲವು ಪ್ರೋಗ್ರಾಂಗಳು ಕಳಿಸುವ ಡೇಟಾ ಇಟ್ಟುಕೊಳ್ಳುವ ಜಾಗ, ಅಂದರೆ ಬಫರ್, ಇಷ್ಟೇ ಇರಲಿ ಅಂತ ತಾವೇ 64 ಕೆಬಿ ಕಟ್ಟಿಬಿಡುತ್ತವೆ. ಹಾಗೆ ಕಟ್ಟಿದರೆ ಲಿನಕ್ಸ್ ತಾನಾಗಿ ಬಫರ್ ಬೆಳೆಸುವುದನ್ನು ನಿಲ್ಲಿಸುತ್ತದೆ. ಇದನ್ನು ಪತ್ತೆ ಮಾಡಲು ಫೈಲ್ ಹೋಗುತ್ತಿರುವಾಗ ಇದನ್ನು ಓಡಿಸಿ:

```
ss -ti dst 203.0.113.25
```

ಉತ್ತರದಲ್ಲಿ `rwnd_limited` ಅಂತ ಬಂದು ಪಕ್ಕದ ಶೇಕಡಾ ದೊಡ್ಡದಿದ್ದರೆ ತಡೆಯುತ್ತಿರುವುದು ಆ ಕಡೆಯ ವಿಂಡೋ. `sndbuf_limited` ದೊಡ್ಡದಿದ್ದರೆ ತಡೆ ನಿಮ್ಮ ಕಡೆಯ ಬಫರ್. ಎರಡೂ ಇಲ್ಲದಿದ್ದರೆ ದಾರಿಯಲ್ಲಿ ಪ್ಯಾಕೆಟ್ ಕಳೆಯುತ್ತಿರಬಹುದು. ಆದರೆ ನಿಮ್ಮದು ಅದಲ್ಲ ಅಂತ ನನಗೆ ಅನಿಸುವುದಕ್ಕೆ ಕಾರಣ ಇದೆ. "260 ಮೇಲೆ ಹೋಗುವುದೇ ಇಲ್ಲ" ಅಂತ ಬರೆದಿದ್ದೀರಿ. ಪ್ಯಾಕೆಟ್ ಕಳೆಯುವ ದಾರಿಯಲ್ಲಿ ವೇಗ ಏರುತ್ತದೆ, ಧೊಪ್ಪನೆ ಬೀಳುತ್ತದೆ, ಮತ್ತೆ ಏರುತ್ತದೆ. ಗ್ರಾಫ್ ಗರಗಸದ ಹಲ್ಲಿನಂತಿರುತ್ತದೆ. ವಿಂಡೋ ತಡೆದಾಗ ಗೆರೆ ಹಗಲು ರಾತ್ರಿ ಒಂದೇ ಮಟ್ಟದಲ್ಲಿ ಸಪಾಟಾಗಿರುತ್ತದೆ.

ಸ್ಕೇಲಿಂಗ್ ಬಂದ ಮೇಲೂ 300 ಸಿಗದಿರಬಹುದು

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಕೇಲಿಂಗ್ ದೊಡ್ಡ ವಿಂಡೋ ಹೇಳಲು ಅವಕಾಶ ಕೊಡುತ್ತದೆ, ಅಷ್ಟೆ. ನಿಜವಾಗಿ ಎಷ್ಟು ಹೇಳಬೇಕು ಅನ್ನುವುದು ಪಡೆಯುವ ಮಷೀನ್‌ನ ಮೆಮೊರಿ ಮಿತಿ ಮೇಲೆ ನಿಂತಿದೆ. ಬಹಳಷ್ಟು ಲಿನಕ್ಸ್ ಸರ್ವರ್‌ಗಳಲ್ಲಿ ಪಡೆಯುವ ಬಫರ್‌ನ ಗರಿಷ್ಠ 6 ಎಂಬಿ ಇರುತ್ತದೆ. ಅದರಲ್ಲಿ ಒಂದಷ್ಟು ಲೆಕ್ಕಪತ್ರಕ್ಕೆ ಹೋಗಿ, ಅನೇಕ ಆವೃತ್ತಿಗಳಲ್ಲಿ ವಿಂಡೋ ಅಂತ ಹೊರಗೆ ಹೇಳುವುದು ಅರ್ಧದಷ್ಟು, ಅಂದರೆ 3 ಎಂಬಿ. ಅದನ್ನು 0.25 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 12 ಎಂಬಿ, ಅಂದರೆ ಸುಮಾರು 100 ಎಂಬಿಪಿಎಸ್. ನಿಮ್ಮ ಈಗಿನ ವೇಗದ ಐವತ್ತು ಪಟ್ಟು ನಿಜ, ಆದರೂ ಲೈನಿನ ಮೂರನೇ ಒಂದು ಪಾಲು.

ಪೂರ್ತಿ ಬೇಕಾದರೆ ಪಡೆಯುವ ಕಡೆ `tcp_rmem`, ಕಳಿಸುವ ಕಡೆ `tcp_wmem` ಎರಡನ್ನೂ ಏರಿಸಬೇಕು. ಪ್ರತಿ ಸಾಲಿನ ಮೂರನೇ ಸಂಖ್ಯೆಯೇ ಗರಿಷ್ಠ. ಇಲ್ಲಿ 32 ಎಂಬಿ ಹಾಕಿದ್ದೇನೆ:

```
net.ipv4.tcp_window_scaling = 1
net.ipv4.tcp_rmem = 4096 131072 33554432
net.ipv4.tcp_wmem = 4096 65536 33554432
```

ಇದನ್ನು `/etc/sysctl.d/` ಒಳಗೆ `.conf` ಎಂದು ಮುಗಿಯುವ ಫೈಲ್ ಮಾಡಿ ಹಾಕಿ, `sudo sysctl --system` ಕೊಟ್ಟು, ಕನೆಕ್ಷನ್ ಹೊಸದಾಗಿ ತೆರೆಯಬೇಕು. ಈ 32 ಎಂಬಿ ಒಂದೊಂದು ಕನೆಕ್ಷನ್‌ನ ಗರಿಷ್ಠ. ಲಿನಕ್ಸ್ ಬೇಕಾದಷ್ಟೇ ಬೆಳೆಸುತ್ತದೆ, ಮೊದಲೇ ತೆಗೆದಿಡುವುದಿಲ್ಲ. ಆದರೂ ಸಾವಿರಾರು ಜನ ಒಟ್ಟಿಗೆ ಬಳಸುವ ಸರ್ವರ್ ಆದರೆ ಅದರ ಉಸ್ತುವಾರಿ ನೋಡುವವರು ಮೆಮೊರಿ ಲೆಕ್ಕ ಹಾಕಿಯೇ ಒಪ್ಪುತ್ತಾರೆ. ಅದು ಅವರ ಕಡೆಯಿಂದ ನ್ಯಾಯವಾದ ಮಾತು.

ಎಸ್‌ಎಫ್‌ಟಿಪಿ ಬಳಸುವುದರಿಂದ ನಿಮಗೆ ಇನ್ನೊಂದು ಛಾವಣಿಯೂ ಇದೆ. ಓಪನ್‌ಎಸ್‌ಎಸ್‌ಎಚ್ ಟಿಸಿಪಿಯ ಮೇಲೆ ತನ್ನದೇ ಆದ ಇನ್ನೊಂದು ವಿಂಡೋ ಇಟ್ಟುಕೊಂಡಿದೆ, ಸುಮಾರು 2 ಎಂಬಿ. ಟಿಸಿಪಿ ಎಷ್ಟೇ ಅಗಲವಾದರೂ 250 ಮಿಲಿಸೆಕೆಂಡಿನಲ್ಲಿ ಅದು ಸೆಕೆಂಡಿಗೆ 8 ಎಂಬಿ ದಾಟಲು ಬಿಡುವುದಿಲ್ಲ. ಅಂದರೆ 67 ಎಂಬಿಪಿಎಸ್. ಆ ವೇಗದಲ್ಲಿ 40 ಜಿಬಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ನಿಮ್ಮ ಕೆಲಸಕ್ಕೆ ಅಷ್ಟು ಸಾಕು ಅಂತಾದರೆ ಫೈರ್‌ವಾಲ್ ಸರಿಪಡಿಸಿ ಅಲ್ಲಿಗೇ ಬಿಡಿ. ಬಫರ್‌ಗಳ ತಂಟೆಗೆ ಹೋಗುವುದೇ ಬೇಡ. ಅದಕ್ಕೂ ಜಾಸ್ತಿ ಬೇಕಾದರೆ ಎಚ್‌ಟಿಟಿಪಿಎಸ್ ಮೇಲೆ ಅಪ್‌ಲೋಡ್ ಮಾಡುವ ವ್ಯವಸ್ಥೆ ಇದೆಯಾ ಅಂತ ಗಿರಾಕಿಯನ್ನು ಕೇಳಿ.

ಇವತ್ತೇ ಕಳಿಸಬೇಕಾದರೆ

ಫೈರ್‌ವಾಲ್ ಸರಿಯಾಗುವ ತನಕ ಕಾಯಲು ಆಗದಿದ್ದರೆ ಫೈಲನ್ನು ತುಂಡು ಮಾಡಿ ಒಟ್ಟಿಗೆ ಕಳಿಸಿ. 64 ಕೆಬಿ ಮಿತಿ ಇರುವುದು ಪ್ರತಿ ಕನೆಕ್ಷನ್‌ಗೆ. ಎಂಟು ಕನೆಕ್ಷನ್ ತೆರೆದರೆ ಎಂಟು ಪಟ್ಟು ವೇಗ. ನನ್ನ ರೋಗನಿರ್ಣಯ ಸರಿಯೋ ತಪ್ಪೋ ಅನ್ನುವುದಕ್ಕೂ ಇದೇ ಪರೀಕ್ಷೆ. ಒಟ್ಟು ವೇಗ ಎಂಟು ಪಟ್ಟು ಏರಿದರೆ ಲೈನ್‌ನಲ್ಲಿ ಜಾಗ ಇತ್ತು ಅಂತ ಅರ್ಥ. ಏರದಿದ್ದರೆ ನನ್ನ ಲೆಕ್ಕ ಬಿಟ್ಟು ಬೇರೆ ಕಡೆ ಹುಡುಕಬೇಕು.

```
split -b 5G film.mov part_
ls part_* | xargs -P 8 -I{} scp {} user@203.0.113.25:/in/
```

40 ಜಿಬಿ ಎಂಟು ತುಂಡಾಗುತ್ತದೆ. ಪ್ರತಿಯೊಂದೂ ಸೆಕೆಂಡಿಗೆ 260 ಕೆಬಿಯಲ್ಲಿ ಹೋದರೂ ಆರು ಗಂಟೆಯೊಳಗೆ ಮುಗಿಯುತ್ತದೆ. ನಿಮ್ಮ ಡಿಸ್ಕ್‌ನಲ್ಲಿ ಇನ್ನೂ 40 ಜಿಬಿ ಖಾಲಿ ಇರಬೇಕು. ಪ್ರತಿ scp ಪಾಸ್‌ವರ್ಡ್ ಕೇಳಿದರೆ ಇದು ನಡೆಯುವುದಿಲ್ಲ, ಎಸ್‌ಎಸ್‌ಎಚ್ ಕೀ ಹಾಕಿಕೊಂಡಿರಬೇಕು. ಗಿರಾಕಿ ಎಸ್‌ಎಫ್‌ಟಿಪಿ ಮಾತ್ರ ಬಿಟ್ಟಿದ್ದು ಹಳೆಯ scp ಅಲ್ಲಿ ನಡೆಯದಿದ್ದರೆ, ಎಂಟು ಟರ್ಮಿನಲ್ ತೆರೆದು ಎಂಟು sftp ಕೊಟ್ಟರೂ ಅದೇ ಫಲ. ಎಂಟಕ್ಕಿಂತ ಹೆಚ್ಚು ಆಸೆ ಪಡಬೇಡಿ. ಓಪನ್‌ಎಸ್‌ಎಸ್‌ಎಚ್ ಸರ್ವರ್‌ಗಳು ಸಾಮಾನ್ಯವಾಗಿ ಲಾಗಿನ್ ಆಗದ ಕನೆಕ್ಷನ್‌ಗಳು ಹತ್ತಾದ ಮೇಲೆ ಬಂದವುಗಳಲ್ಲಿ ಕೆಲವನ್ನು ಬೇಕಂತಲೇ ಬೀಳಿಸುತ್ತವೆ. ಯಾವ ತುಂಡು ಹೋಗಲಿಲ್ಲ ಅಂತ ಹುಡುಕುವುದು ಆಮೇಲೆ ತಲೆನೋವು.

ಅಲ್ಲಿ ಗಿರಾಕಿಗೆ `cat part_* > film.mov` ಕೊಟ್ಟು ಜೋಡಿಸಲು ಹೇಳಿ. ಜೋಡಿಸಿದ ಮೇಲೆ ಎರಡೂ ಕಡೆ `sha256sum film.mov` ಓಡಿಸಿ, ಬಂದ ಸಾಲುಗಳು ಒಂದೇ ಇವೆಯಾ ಅಂತ ನೋಡಿಯೇ ನಿಮ್ಮ ಕಡೆಯ ತುಂಡುಗಳನ್ನು ಅಳಿಸಿ.